ಕೀಲಿ ಉತ್ತರದಾಚೆ

ಸೋಮವಾರದ ಪ್ರಾರ್ಥನೆ ಮುಗಿದ ಮೇಲೆ ಮುಖ್ಯೋಪಾಧ್ಯಾಯ ಗುರುಪಾದ ಸರ್ ಮಕ್ಕಳನ್ನು ತರಗತಿಗೆ ಕಳಿಸಲಿಲ್ಲ. ಗಜೇಂದ್ರಗಡದ ಹತ್ತಿರದ ಆ ಪ್ರೌಢಶಾಲೆಯ ಅಂಗಳದಲ್ಲಿ ಬಿಸಿಲು ಏರುತ್ತಿತ್ತು. ಶನಿವಾರ ಅವರು ರಸಪ್ರಶ್ನೆ ಪುಸ್ತಕದ ಹಳೆಯ ಪ್ರಶ್ನೆಗಳನ್ನೇ ಕೊಟ್ಟು, ಆಯ್ಕೆಗಳ ಕ್ರಮವನ್ನಷ್ಟೇ ಬದಲಿಸಿದ್ದರು. ಎಲ್ಲ ಸರಿ ಮಾಡುತ್ತಿದ್ದ ಮಕ್ಕಳು ಅರ್ಧಕ್ಕರ್ಧ ತಪ್ಪಿದ್ದರು.

"ಒಂದನೇ ಪ್ರಶ್ನೆಗೆ ಬಿ, ಎರಡನೇದಕ್ಕ ಡಿ ಅಂತ ಬಾಯಿಪಾಠ ಮಾಡೀರಿ," ಎಂದರು ಅವರು. "ಅದು ಓದಲ್ಲ. ಪುಸ್ತಕದ ಹಿಂದ ಪ್ರತಿ ಉತ್ತರಕ್ಕ ಯಾಕ ಅಂತ ವಿವರಣೆ ಐತಿ. ಅದನ್ನ ಓದ್ರಿ. ನೀವು ಆರಿಸಿದ್ದು ಯಾಕ ಸರಿ, ಉಳಿದ ಮೂರು ಯಾಕ ತಪ್ಪು, ಎರಡೂ ಹೇಳಾಕ ಬರಬೇಕು. ಉತ್ತರ ಸರಿ ಬಂದಿದ್ರೂ ಓದ್ರಿ. ಅಂದಾಜಿಗೂ ಸರಿ ಬಂದಿರ್ತೈತಿ. ಪುಸ್ತಕದ ಮಾತು ನಿಮಗ ಒಪ್ಪಿಗಿ ಆಗಲಿಲ್ಲಂದ್ರ ನನ್ನ ಕಡೆ ಬರ್ರಿ."

ವಿಜ್ಞಾನದ ಕನಕಪ್ಪ ಸರ್‌ಗೆ ಇದು ಹಿಡಿಸಲಿಲ್ಲ. ರೋಣದಲ್ಲಿ ತಾಲ್ಲೂಕು ರಸಪ್ರಶ್ನೆ ಸ್ಪರ್ಧೆ ಹತ್ತಿರವಿತ್ತು. ಪ್ರಶ್ನೆಗಳೆಲ್ಲ ಅದೇ ಪುಸ್ತಕದಿಂದ ಬರುತ್ತವೆಂದು ಏರ್ಪಡಿಸಿದವರೇ ತಿಳಿಸಿದ್ದರು. "ವಿವರಣೆ ಓದಕೋತ ಕುಂತ್ರ ಪುಸ್ತಕ ಮುಗಿಯೂದಿಲ್ರಿ ಸರ್," ಎಂದರು.

"ಮುಗೀದಿದ್ರ ಮುಗೀದಿರಲಿ," ಎಂದರು ಗುರುಪಾದ.

ವಿವರಣೆ ಓದಬೇಕೆಂಬ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದವಳು ಒಂಬತ್ತನೆಯ ತರಗತಿಯ ಅನ್ನಪೂರ್ಣಾ. ಮೆಣಸಗಿಯವಳು, ಇಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ಗುರುವಾರ ಪುಸ್ತಕ ಹಿಡಿದು ಗುರುಪಾದರ ಹತ್ತಿರ ಬಂದಳು.

"ಸರ್, ಇಲ್ಲಿ ಕೀಲಿ ಉತ್ತರ ಒಂದ ಹೇಳ್ತೈತಿ, ವಿವರಣೆ ಇನ್ನೊಂದ ಹೇಳ್ತೈತ್ರಿ."

ಪ್ರಶ್ನೆ ಹೀಗಿತ್ತು: ತೊಟ್ಟಿಯಲ್ಲಿ ತೇಲುವ ದೋಣಿಯೊಳಗಿನ ಕಲ್ಲನ್ನು ತೆಗೆದು ಅದೇ ನೀರಿಗೆ ಹಾಕಿದರೆ ತೊಟ್ಟಿಯ ನೀರಿನ ಮಟ್ಟ ಏನಾಗುತ್ತದೆ? ಕೀಲಿಯಲ್ಲಿ 'ಏರುತ್ತದೆ' ಎಂದಿತ್ತು. ವಿವರಣೆ ಓದಿದರೆ 'ಇಳಿಯುತ್ತದೆ' ಎಂದೇ ಬರಬೇಕು.

"ನಿನಗೇನ ಅನಸ್ತೈತಿ?"

"ಇಳೀತೈತ್ರಿ. ಕಲ್ಲು ದೋಣಿಯೊಳಗ ಇದ್ದಾಗ ತನ್ನ ತೂಕದಷ್ಟು ನೀರು ಸರಸ್ತೈತಿ. ಮುಳುಗಿದ ಮ್ಯಾಲ ತನ್ನ ಗಾತ್ರದಷ್ಟ ಸರಸ್ತೈತಿ. ಕಲ್ಲು ನೀರಿಗಿಂತ ಭಾರ, ಅದಕ್ಕ ಗಾತ್ರದಷ್ಟು ನೀರು ಕಡಿಮಿ."

ಗುರುಪಾದ ಬಿಸಿಯೂಟ ಮಾಡುವ ಶೇಖವ್ವನ ಹತ್ತಿರ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ ಇಸಿದುಕೊಂಡರು. ನೀರು ತುಂಬಿ, ಕಲ್ಲಿಟ್ಟ ಬಟ್ಟಲನ್ನು ತೇಲಿಬಿಟ್ಟು, ನೀರಿನ ಮಟ್ಟಕ್ಕೆ ಗೆರೆ ಎಳೆದರು. ಅನ್ನಪೂರ್ಣಾ ಕಲ್ಲನ್ನು ಎತ್ತಿ ನೀರಿಗೆ ಬಿಟ್ಟಳು. ಬಟ್ಟಲು ತೇಲುತ್ತಲೇ ಇತ್ತು. ನೀರು ಗೆರೆಯ ಕೆಳಗೆ ಇಳಿಯಿತು. ಕನಕಪ್ಪ ಸರ್ ಬಗ್ಗಿ ನೋಡಿ, "ಖರೇನ ಇಳೀತು," ಎಂದರು. ಅಂದೇ ಏರ್ಪಡಿಸಿದವರಿಗೆ ಫೋನ್ ಮಾಡಿದರು. "ಪುಸ್ತಕ ಅಚ್ಚಾಗೇತಿ, ಬದಲಿಸಾಕ ಬರೂದಿಲ್ಲ," ಎಂಬ ಉತ್ತರ ಬಂತು.

"ಮತ್ತ ಅಲ್ಲಿ ಇದ ಪ್ರಶ್ನೆ ಬಂದ್ರ ಏನ ಹೇಳ್ಲಿರಿ ಸರ್?" ಎಂದಳು ಅನ್ನಪೂರ್ಣಾ.

ಶಾಲೆಗೆ ಈವರೆಗೆ ಒಂದು ಬಹುಮಾನದ ಫಲಕವೂ ಬಂದಿರಲಿಲ್ಲ. "ನೀನ ನಿರ್ಧಾರ ಮಾಡವ್ವ," ಎಂದರು ಗುರುಪಾದ. "ಏನ ಹೇಳಿದ್ರೂ ನಿನ್ನ ಹಿಂದ ನಾನು ಅದೇನಿ."

ರೋಣದ ಸಭಾಂಗಣದಲ್ಲಿ ಕೊನೆಯ ಸುತ್ತು ಮುಗಿದಾಗ ಇವರ ಶಾಲೆಯೂ ಸೇರಿ ಎರಡು ತಂಡಗಳು ಸಮನಾಗಿ ನಿಂತವು. ನಿರ್ಣಾಯಕ ಪ್ರಶ್ನೆಯಾಗಿ ಬಂದದ್ದು ದೋಣಿ ಮತ್ತು ಕಲ್ಲು. ಸರದಿ ಅನ್ನಪೂರ್ಣಾಳದು. ಯಾವ ಉತ್ತರಕ್ಕೆ ಅಂಕ ಸಿಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಇಳೀತೈತ್ರಿ," ಎಂದಳು.

"ತಪ್ಪು," ಎಂದರು ನಿರ್ವಾಹಕರು. "ಏರುತ್ತದೆ."

ಅವಳು ಕೂರಲಿಲ್ಲ. "ಯಾಕ ಏರತೈತಿ ಅಂತ ಹೇಳ್ರಿ ಸರ್. ಇಳಿಯೂದು ಯಾಕಂತ ನಾ ಹೇಳ್ತೀನಿ."

"ವಾದ ಬ್ಯಾಡ, ಕೂಡು. ಕೀಲಿ ಉತ್ತರವೇ ಅಂತಿಮ."

ಹಿಂದಿನ ಸಾಲಿನಿಂದ ಗುರುಪಾದ ಎದ್ದರು. "ಅಂತಿಮ ಆಗಬೇಕಾದ್ದು ನೀರು, ಕೀಲಿ ಅಲ್ಲ. ನಿಮ್ಮ ಪುಸ್ತಕದ ವಿವರಣೆ ನೀವ ಓದ್ರಿ."

ಯಾರೂ ಓದಲಿಲ್ಲ. ಫಲಕ ಇನ್ನೊಂದು ತಂಡಕ್ಕೆ ಹೋಯಿತು. ಅನ್ನಪೂರ್ಣಾ ಆಮೇಲೂ ಸ್ವಲ್ಪ ಹೊತ್ತು ನಿಂತೇ ಇದ್ದಳು. ಅವಳ ತಲೆ ತಗ್ಗಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಶಾಲಾ ಸಮಿತಿಯ ಅಧ್ಯಕ್ಷ ಈಶಪ್ಪನವರು ಸಿಟ್ಟು ತಡೆಯಲಾರದಾದರು. ಗಜೇಂದ್ರಗಡದಲ್ಲಿ ಅಂಗಡಿಯಿದ್ದ ಅವರು ಗೆಲುವಿನ ಮೆರವಣಿಗೆಗೆಂದು ಹಲಗೆ ಬಾರಿಸುವವರಿಗೂ ಹೇಳಿಟ್ಟು ಬಂದಿದ್ದರು.

"ಗೊತ್ತಿದ್ದೂ ಕಳಕೊಂಡ್ರೆಲ್ರಿ ಸರ್! ಒಂದ ಮಾತು ಏರತೈತಿ ಅಂದಿದ್ರ ಏನ ಗಂಟು ಹೋಗತಿತ್ತು?"

"ಸುಳ್ಳು ಹೇಳಿ ಗೆದ್ದಂಗ ಆಗತಿತ್ರಿ ಈಶಪ್ಪಾರ," ಎಂದರು ಗುರುಪಾದ. "ನಾಳೆ ಪ್ರಾರ್ಥನೆಯೊಳಗ ನಾ ಯಾವ ಮುಖ ಇಟಕೊಂಡು ನಿಂದರ್ಲಿ?"

ಈಶಪ್ಪನವರು ಹುಡುಗಿಯ ಕಡೆ ತಿರುಗಿದರು. "ನೀ ಹೇಳು ತಂಗಿ. ಮುಂದಿನ ವರ್ಷ ಮತ್ತ ಇದ ಪ್ರಶ್ನೆ ಕೇಳಿದ್ರ?"

"ಇಳೀತೈತಿ ಅಂತನ ಹೇಳ್ತೀನ್ರಿ ಕಾಕಾ. ಬೇಕಾದ್ರ ನಿಮಗ ಈಗ ಹೇಳ್ತೀನಿ, ಯಾಕಂತ."

ಗಜೇಂದ್ರಗಡದ ಬಸ್ಸು ಬಂತು. ಮುಖ ಗಂಟಿಕ್ಕಿಕೊಂಡೇ ಈಶಪ್ಪನವರು ಹತ್ತಿದರು, ಕಿಟಕಿಯ ಬದಿಯ ಸೀಟು ಹಿಡಿದರು. ಬಸ್ಸು ಊರು ದಾಟುವಾಗ ಪಕ್ಕದ ಸೀಟಿನ ಮೇಲೆ ಕೈ ತಟ್ಟಿದರು.

"ಬಾ ಇಲ್ಲೆ. ಕಲ್ಲು ದೋಣಿಯೊಳಗ ಐತಿ. ಮುಂದ?"