ಪೇಪರ್ ಸೋಫಾ

ಫೋನಿನಲ್ಲಿ ಎರಡು ಸೋಫಾಗಳ ಫೋಟೋ. ಎರಡೂ ಸೆಕೆಂಡ್ ಹ್ಯಾಂಡ್. ಬೂದು ಬಣ್ಣದ್ದು ನನ್ನ ಗಂಡನಿಗೆ ಇಷ್ಟ, ಕಂದು ಬಣ್ಣದ್ದು ಯಾರಿಗೂ ಇಷ್ಟವಿಲ್ಲ.

ಅತ್ತೆಯನ್ನು ಕೇಳಿದರೆ, "ನನಗೇನಮ್ಮ, ಯಾವುದಾದ್ರೂ ಸರಿ," ಎಂದರು. ಮಂಡಿಯ ಆಪರೇಷನ್ ಆದಮೇಲೆ ಅವರು ಹಾಲಿಗೆ ಬಂದು ಕೂರುವುದನ್ನೇ ಬಿಟ್ಟಿದ್ದರು. ಹಳೆಯ ಸೋಫಾದಿಂದ ಅವರನ್ನು ಎಬ್ಬಿಸಲು ಇಬ್ಬರು ಬೇಕು. ಒಮ್ಮೆ ನೆಂಟರ ಎದುರಿಗೇ ಹಾಗೆ ಎಬ್ಬಿಸಿದ್ದೆವು. ಅವರು ಮತ್ತೆ ನಮ್ಮ ಜೊತೆ ಕೂರಲಿ ಎಂದೇ ಬೇರೆ ಸೋಫಾ ಹುಡುಕುತ್ತಿದ್ದದ್ದು. ಬೂದು ಬಣ್ಣ ಕಂಡ ಕೂಡಲೇ ನನ್ನ ಗಂಡನಿಗೆ ಅದು ಮರೆತೇಹೋಯಿತು.

"ನೋಡು, ಎಷ್ಟು ದೊಡ್ಡದಾಗಿದೆ!"

"ಕೆಳಗಿನಿಂದ ಫೋಟೋ ತೆಗೆದಿದ್ದಾರೆ. ಹಾಗೆ ತೆಗೆದ್ರೆ ನೀವೂ ದೊಡ್ಡೋರಾಗೇ ಕಾಣ್ತೀರಿ."

ಮಾರುವವರಿಂದ ಅಳತೆ ತರಿಸಿದೆ. ಉದ್ದ ಎರಡಕ್ಕೂ ಒಂದೇ. ಗೋಡೆಯಿಂದ ಮುಂದಕ್ಕೆ ಬೂದು ಬಣ್ಣದ್ದು ನಲವತ್ತೆರಡು ಇಂಚು, ಕಂದು ಬಣ್ಣದ್ದು ಮೂವತ್ತಮೂರು. ಇವರು ಹಳೆಯ ಸೋಫಾ ಇದ್ದ ಜಾಗ ಖಾಲಿ ಮಾಡಿ, ಬೂದು ಸೋಫಾದ ಅಳತೆಗೆ ಹಳೆಯ ನ್ಯೂಸ್‌ಪೇಪರ್ ಹಾಸಿ, ಟೇಪು ಅಂಟಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತರು. "ಹೇಳಿ ಮಾಡಿಸಿದ ಹಾಗಿದೆ."

ಅಷ್ಟರಲ್ಲಿ ಅತ್ತೆ ವಾಕರ್ ಹಿಡಿದು ಕೋಣೆಯಿಂದ ಹೊರಬಂದರು.

"ಅಮ್ಮಾ, ಸೋಫಾ ತುಳೀಬೇಡ!"

ಅತ್ತೆ ಪೇಪರನ್ನು ಗೌರವದಿಂದ ನೋಡಿ, ಪಕ್ಕದಿಂದ ಅಡುಗೆಮನೆ ಕಡೆ ಹೋಗಲು ನೋಡಿದರು. ಪೇಪರಿಗೂ ಟಿವಿ ಸ್ಟ್ಯಾಂಡಿಗೂ ನಡುವೆ ವಾಕರ್ ಹಿಡಿಸಲಿಲ್ಲ. ಓರೆ ಮಾಡಿದರೂ ಹಿಡಿಸಲಿಲ್ಲ.

"ನೀರು ಬೇಕಿತ್ತು. ಇರಲಿ ಬಿಡು, ಆಮೇಲೆ ಕುಡೀತೀನಿ," ಎಂದು ಹಿಂದಕ್ಕೆ ತಿರುಗಿದರು.

ಇವರು ಸ್ವಲ್ಪ ಹೊತ್ತು ಪೇಪರನ್ನೇ ನೋಡಿದರು. ಆಮೇಲೆ ಅಮ್ಮನಿಗೆ ನೀರು ಕೊಟ್ಟು ಬಂದು, ಮಂಡಿಯೂರಿ ಕೂತು, ಪೇಪರಿನ ಅಂಚನ್ನು ಒಂಬತ್ತು ಇಂಚು ಮಡಚಿದರು. ವಾಕರ್ ಕೇಳಿ ತಂದು, ತಾವೇ ಅದನ್ನು ಹಿಡಿದು ಅಡುಗೆಮನೆವರೆಗೆ ಹೋಗಿ ಬಂದರು. ಈಗ ದಾರಿ ಇತ್ತು.

"ಆದ್ರೂ ಆ ಬೂದು ಗಟ್ಟಿಮುಟ್ಟಾಗಿದೆ," ಎಂದು ಗೊಣಗಿದರು.

ನಾನು ಅದರ ಫೋಟೋ ದೊಡ್ಡದು ಮಾಡಿ ಇವರ ಮೂಗಿನ ಮುಂದೆ ಹಿಡಿದೆ. ನಡುವಿನ ಸೀಟಿನ ಮೇಲೆ ಶಾಲು ಹೊದಿಸಿದ್ದರು. ಶಾಲಿನ ಕೆಳಗೆ ಸೀಟಿನ ಮುಂದಿನ ಅಂಚು ಜೋತುಬಿದ್ದಿತ್ತು. ಕಂದು ಸೋಫಾದಲ್ಲಿ ಅಂಚು ನೇರವಾಗಿತ್ತು, ಕಾಲುಗಳು ಮರದ ಚೌಕಟ್ಟಿಗೇ ಸೇರಿದ್ದವು. ಅಳತೆಯ ಪ್ರಕಾರ ಅದರ ಸೀಟು ನೆಲದಿಂದ ಹತ್ತೊಂಬತ್ತು ಇಂಚು ಎತ್ತರ, ಬೂದು ಬಣ್ಣದ್ದು ಬರೀ ಹದಿನೈದು. ಕಂದು ಸೋಫಾದ ಮರದ ಕೈಗಳ ತುದಿಯಲ್ಲಿ ಮಾತ್ರ ಪಾಲಿಶ್ ಸವೆದಿತ್ತು.

"ಇದ್ಯಾಕೆ ಇಲ್ಲಿ ಸವೆದಿದೆ?"

"ಯಾರೋ ಅದನ್ನ ಹಿಡ್ಕೊಂಡು ಏಳ್ತಿದ್ರು," ಎಂದೆ.

ಇವರು ನನ್ನ ಕೈಯಿಂದ ಫೋನ್ ತೆಗೆದುಕೊಂಡು ಕಂದು ಸೋಫಾದವರಿಗೆ ಕರೆ ಮಾಡಿದರು.

ಕಂದು ಸೋಫಾ ಬಂತು. ಫೋಟೋದಲ್ಲಿದ್ದಷ್ಟೇ ಕೆಟ್ಟದಾಗಿತ್ತು. ಅತ್ತೆ ನಡುವಿನ ಸೀಟಿನ ಅಂಚಿನಲ್ಲಿ ಮುಜುಗರದಿಂದ ಕೂತರು, ಆಮೇಲೆ ಒರಗಿದರು. ನಾವು ಅವರ ಆಚೆ ಈಚೆ ಕೂತೆವು. ಟಿವಿಯಲ್ಲಿ ಏನೋ ಓಡುತ್ತಿತ್ತು.

ಕಾಲಿಂಗ್ ಬೆಲ್ ಆಯಿತು. ಅಭ್ಯಾಸಬಲದಿಂದ ನಾವಿಬ್ಬರೂ ಎದ್ದು ಅತ್ತೆಗೆ ಕೈ ಚಾಚಿದೆವು.

ಅವರು ಪಕ್ಕಕ್ಕೆ ಸರಿದು, ಪಾಲಿಶ್ ಸವೆದ ಜಾಗವನ್ನು ಹಿಡಿದು ಎದ್ದು ನಿಂತು, ವಾಕರ್ ಎಳೆದುಕೊಂಡರು.

"ನೀವು ಕೂತ್ಕೊಳ್ಳಿ. ಬಾಗಿಲು ನಾನು ತೆಗೀತೀನಿ."