ಓರೆಯಾಗಿ ಕೊಯ್ದ ಮರ

ವಸ್ತುಸಂಗ್ರಹಾಲಯದ ಹಿಂಬದಿಯ ಕೆಲಸದ ಕೋಣೆಯಲ್ಲಿ ಗಂಡ ಹೆಂಡತಿಯ ಎರಡು ಮೇಜುಗಳು. ಕಿಟಕಿ ಪಕ್ಕದ್ದು ಯಜಮಾನರದು, ಬಾಗಿಲ ಪಕ್ಕದ್ದು ಅವಳದು. ಯಜಮಾನರು ಮರ ಕೊಯ್ದು, ಗಾರೆ ಎರೆದು ಬೆಟ್ಟಗುಡ್ಡಗಳ ಮಾದರಿ ಮಾಡುತ್ತಿದ್ದರು, ಅವಳು ಅದಕ್ಕೆ ಬಣ್ಣ ಬಳಿಯುತ್ತಿದ್ದಳು. ಹಾಗಾಗಿ ಅಲ್ಲಿಯ ಜನಕ್ಕೆಲ್ಲ ಅವಳು ಬಣ್ಣದಮ್ಮ. ಯಜಮಾನರು ತೀರಿಕೊಂಡ ಮೇಲೆ ಕಿಟಕಿ ಪಕ್ಕದ ಮೇಜಿನ ಮುಂದೆ ಅವಳು ಒಂದು ದಿನವೂ ಕೂತಿರಲಿಲ್ಲ. ಅಲ್ಲಿ ನಿಂತೇ ಕೆಲಸ ಮಾಡುತ್ತಿದ್ದಳು. ಕುರ್ಚಿಯನ್ನು ಮಾತ್ರ ಒರೆಸಿ ಒರೆಸಿ ಇಡುತ್ತಿದ್ದಳು.

ಭೂಮಿಯ ಬಗ್ಗೆ ಹೊಸ ಗ್ಯಾಲರಿ ತೆರೆಯಬೇಕಿತ್ತು. ಅದಕ್ಕೆ ನಾಲ್ಕು ಮಾದರಿ: ಮಡಿಕೆ ಪರ್ವತ, ಜ್ವಾಲಾಮುಖಿ ಪರ್ವತ, ಖಂಡ ಪರ್ವತ, ಸೀಳು ಕಣಿವೆ. ಕೆಲಸ ಬಂದಾಗ ಯಜಮಾನರು ಇನ್ನೂ ಇದ್ದರು. ಗಂಟಲಿನ ಕಾಯಿಲೆ ಆಗಲೇ ಅವರ ಮಾತನ್ನು ನುಂಗಿ ಹಾಕಿತ್ತು. ಆದರೂ ದಿನಾ ಬಂದು ಗರಗಸ ಹಿಡಿಯುತ್ತಿದ್ದರು. ಮೊದಲ ಎರಡನ್ನು ಮುಗಿಸಿದರು. ಮೂರನೆಯದರ ಮರ ಕೊಯ್ದಿಟ್ಟು ಹಾಸಿಗೆ ಹಿಡಿದರು, ಮತ್ತೆ ಏಳಲಿಲ್ಲ.

ಮುಗಿಸಿದ ಎರಡರ ಬಗ್ಗೆ ಬಣ್ಣದಮ್ಮನಿಗೆ ಚಿಂತೆ ಇರಲಿಲ್ಲ. ಮಡಿಕೆ ಪರ್ವತಕ್ಕೆ ಯಜಮಾನರು ದಪ್ಪ ಉಣ್ಣೆ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ, ಅಂಟಿನಲ್ಲಿ ನೆನೆಸಿ, ಎರಡೂ ಕಡೆಯಿಂದ ಹಲಗೆ ಇಟ್ಟು ನಿಧಾನಕ್ಕೆ ಒತ್ತಿದ್ದರು. ಒತ್ತಿದ ಹಾಗೆ ಬಟ್ಟೆ ಹೋಗಲು ಜಾಗವಿಲ್ಲದೆ ಉಬ್ಬಿತು, ತಗ್ಗಿತು, ಮತ್ತೆ ಉಬ್ಬಿತು. ಪದರ ಬಾಗಿತೇ ಹೊರತು ಹರಿಯಲಿಲ್ಲ. ಭೂಮಿಯ ದೊಡ್ಡ ದೊಡ್ಡ ಫಲಕಗಳು ಎದುರುಬದುರು ತಳ್ಳಾಡಿದರೆ ನಡುವಿನ ಬಂಡೆ ಹೀಗೇ ಮಡಿಚಿಕೊಂಡು ಮೇಲೇಳುತ್ತದೆ, ಅದಕ್ಕೆ ಕೋಟ್ಯಂತರ ವರ್ಷ ಬೇಕು, ಇದಕ್ಕೆ ಒಂದು ಮಧ್ಯಾಹ್ನ ಸಾಕು ಎಂದು ಮಾತು ಇದ್ದ ಕಾಲದಲ್ಲಿ, ಹಿಂದೊಮ್ಮೆ ಇಂಥದೇ ಮಾದರಿ ಮಾಡುವಾಗ ಅವರೇ ನಗೆಯಾಡಿದ್ದರು.

ಜ್ವಾಲಾಮುಖಿಯದು ಬೇರೆ ಜಾತಿ. ಅಲ್ಲಿ ಅಕ್ಕಪಕ್ಕದಿಂದ ಯಾರೂ ತಳ್ಳಬೇಕಾಗಿಲ್ಲ, ಒಳಗಿನದೇ ಹೊರಗೆ ಬಂದು ಬೆಟ್ಟವಾಗುತ್ತದೆ. ನಡುವೆ ಒಂದು ಕೊಳವೆ ನಿಲ್ಲಿಸಿ, ಅದರ ಬಾಯಿಂದ ಗಾರೆಯನ್ನು ಲೋಟ ಲೋಟವಾಗಿ ಉಕ್ಕಿಸಿ, ಒಣಗಿದ ಮೇಲೆ ಬೂದಿ ಚೆಲ್ಲಿ, ಮತ್ತೆ ಉಕ್ಕಿಸಿ ಕಟ್ಟಿದ್ದರು. ಲಾವಾ ಒಂದು ಪದರ, ಬೂದಿ ಒಂದು ಪದರ, ಎಲ್ಲವೂ ಬಾಯಿಂದ ಹೊರಮುಖವಾಗಿ ಇಳಿಜಾರು. ಅದಕ್ಕೆ ಬಣ್ಣ ಬಳಿಯುವಾಗ ಅವಳ ಸೀರೆಯೆಲ್ಲ ಕೆಂಪಾಗಿ, ಯಜಮಾನರು ಸದ್ದಿಲ್ಲದೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಮೂರನೆಯದರ ಎದುರು ಮಾತ್ರ ಅವಳು ಕುಂಚ ಕೆಳಗಿಟ್ಟು ನಿಂತುಬಿಟ್ಟಿದ್ದಳು. ಒಂದು ತಟ್ಟೆಯಲ್ಲಿ ಸಾಲಾಗಿ ಐದು ಮರದ ತುಂಡು. ಒಂದೂ ನೇರವಾಗಿ ಕೊಯ್ದದ್ದಲ್ಲ, ಎಲ್ಲದರ ಪಕ್ಕಗಳೂ ಓರೆ. ಸಾಲದ್ದಕ್ಕೆ ಎರಡು ತುಂಡು ಗಿಡ್ಡ, ತಳ ಮುಟ್ಟದೆ ನೆರೆಯ ತುಂಡುಗಳ ನಡುವೆ ಸಿಕ್ಕಿಕೊಂಡು ತೂಗುತ್ತಿದ್ದವು. ದಾರ ಹಿಡಿದ ಹಾಗೆ ಮರ ಕೊಯ್ಯುತ್ತಿದ್ದ ಕೈ! ಕಡೆಗಾಲದಲ್ಲಿ ಅದೂ ನಡುಗಿತಲ್ಲ ಎಂದು ಅವಳು ಸೆರಗು ಬಾಯಿಗೆ ಹಿಡಿದಳು. ಇದನ್ನು ನಾಲ್ಕು ಜನ ನೋಡಿ, ಮುದುಕನ ಕೈ ಹೋಗಿತ್ತು ಎಂದು ಆಡಿಕೊಳ್ಳಬಾರದು. ಗಿಡ್ಡ ತುಂಡುಗಳ ಅಡಿಗೆ ರಟ್ಟು ತುರುಕಿದಳು. ತುಂಡು ತುಂಡಿಗೂ ಮರದ ಅಂಟು ಬಳಿದು ಕೂಡಿಸಿದಳು. ಸಂದುಗಳಿಗೆಲ್ಲ ಸುಣ್ಣದ ಪುಡಿ ಕಲಸಿದ ಲಪ್ಪ ತುಂಬಿ, ಉಜ್ಜಿ, ಮುಂಬದಿಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ ಕಂದು, ಹಳದಿ, ಬೂದು ಪದರಗಳನ್ನು ಎಳೆದಳು. ಬೆರಳಾಡಿಸಿದರೆ ಕೂಡು ಎಲ್ಲಿ ಎಂದು ಗೊತ್ತಾಗುತ್ತಿರಲಿಲ್ಲ. ಖಂಡ ಎಂದರೆ ದಿಮ್ಮಿಯೇ ತಾನೇ, ಇದೇ ಖಂಡ ಪರ್ವತ ಎಂದು ಸಮಾಧಾನ ಮಾಡಿಕೊಂಡಳು. ಸೀಳು ಕಣಿವೆಗೆ ಬೇರೊಂದು ಮರ ತಂದು, ನಡುವೆ ಉಳಿಯಿಂದ ತಾನೇ ಕೊರೆಯತೊಡಗಿದಳು.

ಗ್ಯಾಲರಿಯ ಹೊಣೆ ಹೊತ್ತ ಮೇಡಂ ಹೊಸಬಳು. ಯಜಮಾನರನ್ನು ಕಂಡವಳಲ್ಲ. ಬಂಡೆಗಲ್ಲಿನ ಶಾಸ್ತ್ರ ಓದಿದವಳು. ಒಂದು ಬೆಳಿಗ್ಗೆ ನೋಡಲು ಬಂದಳು.

"ಅಮ್ಮಾ, ಈ ಮಡಿಕೆ ಇದೆಯಲ್ಲ, ಕಣ್ಣು ತೆಗೆಯೋಕೇ ಮನಸ್ಸಾಗಲ್ಲ," ಎಂದಳು. ಜ್ವಾಲಾಮುಖಿಯ ಬಾಯಿಗೆ ಇಣುಕಿ, "ಇದರೊಳಗೆ ಕೈ ಹಾಕೋರು ನೂರು ಜನ. ಗಾಜು ಮುಚ್ಚಬೇಕು," ಎಂದು ನಕ್ಕಳು. ಆಮೇಲೆ ಬಣ್ಣದಮ್ಮ ಕೊರೆಯುತ್ತಿದ್ದ ಮರದ ಮುಂದೆ ಬಂದು ನಿಂತಳು.

"ಇದು ಸೀಳು ಕಣಿವೆನಾ?"

"ಹೌದು ಮೇಡಂ. ಇನ್ನೂ ಆಳ ಮಾಡ್ಬೇಕು."

"ಆಳದ ಮಾತಲ್ಲಮ್ಮ. ಇದು ನದಿ ಕೊರೆದ ಕಣಿವೆ ಆಯ್ತು. ನದಿ ಮೇಲಿಂದ ಸವೆಸ್ತಾ ಸವೆಸ್ತಾ ಇಳಿಯುತ್ತೆ, ಅದಕ್ಕೆ ತಳ ಚೂಪು. ಸೀಳು ಕಣಿವೇನ ಯಾರೂ ಕೊರೆಯೋದಿಲ್ಲ. ನೆಲ ಎರಡೂ ಕಡೆ ಎಳೆದ ಹಾಗಾಗಿ ಬಿರುಕು ಬಿಟ್ಟು, ನಡುವಿನ ತುಂಡು ಹಾಗೇ ಕೆಳಗೆ ಕೂತುಬಿಡುತ್ತೆ. ತಳ ಚಪ್ಪಟೆ, ಪಕ್ಕದಲ್ಲಿ ಗೋಡೆ ನಿಂತ ಹಾಗೆ."

ಬಣ್ಣದಮ್ಮ ಉಳಿ ಕೆಳಗಿಟ್ಟಳು. "ಆಕಾರ ಎಲ್ಲಾ ಅವರದ್ದೇ ಮೇಡಂ. ನನ್ನದು ಬರೀ ಬಣ್ಣ."

"ಖಂಡ ಪರ್ವತಾನೂ ಹಾಗೇ ಅಮ್ಮಾ, ಬಿರುಕೇ ಇಲ್ಲದ ಬರೀ ದಿಮ್ಮಿ. ಮುಂದಿನ ವಾರದೊಳಗೆ ಆಗದಿದ್ರೆ ಈ ಎರಡನ್ನ ಹೊರಗಿಂದ ತರಿಸ್ತೀನಿ. ಪ್ಲಾಸ್ಟಿಕ್ಕಿನವು ಸಿಗ್ತವೆ," ಎಂದಳು ಮೇಡಂ ಮೆತ್ತಗೆ. "ಈ ದಿಮ್ಮಿ ಉಗ್ರಾಣದಲ್ಲಿರಲಿ. ಬೇಜಾರು ಮಾಡ್ಕೋಬೇಡಿ."

ಉಗ್ರಾಣವೆಂದರೆ ಏನು ಎಂಬುದು ಬಣ್ಣದಮ್ಮನಿಗೆ ಗೊತ್ತು. ಅಲ್ಲಿಗೆ ಹೋದದ್ದು ಹೊರಗೆ ಬಂದದ್ದನ್ನು ಅವಳು ಕಂಡಿರಲಿಲ್ಲ. ಅವರ ಕೈಯ ಕಡೆಯ ಕೆಲಸ ಅದು.

ಮೇಡಂ ಹೊರಟವಳು ದಿಮ್ಮಿಯನ್ನೊಮ್ಮೆ ಬಳಸಿ ಬಂದಳು. ಬೆನ್ನ ಬದಿಗೆ ಬಣ್ಣ ಬಿದ್ದಿರಲಿಲ್ಲ. ಬರಿಮರದ ಮೇಲೆ ಲಪ್ಪ ತುಂಬಿದ ಸಂದುಗಳು ಬಿಳಿ ಗೆರೆಗಳಾಗಿ ಎದ್ದು ಕಾಣುತ್ತಿದ್ದವು. ಅವಳು ಬಗ್ಗಿದಳು. ಒಂದು ಗೆರೆಯ ಮೇಲೆ ಪೆನ್ಸಿಲ್ ಇಟ್ಟು ನೋಡಿದಳು.

"ಇದೇನಮ್ಮ, ಐದು ತುಂಡು ಇತ್ತಾ?"

ಬಣ್ಣದಮ್ಮ ತಲೆ ತಗ್ಗಿಸಿದಳು. "ಕಾಯಿಲೆಯಲ್ಲಿ ಕೊಯ್ದದ್ದು ಮೇಡಂ. ಕೈ ನಡುಗಿ ಓರೆ ಹೋಗಿತ್ತು. ನಾನೇ ಅಂಟಿಸಿ ಸರಿ ಮಾಡಿದೆ. ದಯವಿಟ್ಟು ಯಾರಿಗೂ ಹೇಳಬೇಡಿ."

"ಕೈ ನಡುಗಿದ್ರೆ ಗೆರೆ ಹಾವಿನ ಹಾಗೆ ಹೋಗುತ್ತೆ. ಇದು ಪೆನ್ಸಿಲ್ಲಿಗೆ ಕೂದಲೆಳೆ ಬಿಡದೆ ನೇರ ಇದೆಯಲ್ಲ." ಮೇಡಂ ಗೆರೆಗಳನ್ನು ಒಂದೊಂದಾಗಿ ತೋರಿಸಿದಳು. "ಈ ಓರೆ ಹೀಗೆ, ಪಕ್ಕದ್ದು ಅದಕ್ಕೆ ಎದುರು. ನಡುವಿನ ತುಂಡಿಗೆ ತಳ ಅಗಲ. ಅದರ ಎರಡು ಪಕ್ಕದವಕ್ಕೆ ತಳ ಕಿರಿದು, ಬಾಗಿಲಿಗೆ ಕೊಡೋ ಬೆಣೆ ಇದ್ದ ಹಾಗೆ. ಬೆಣೆ ತುಂಡುಗಳು ಗಿಡ್ಡ ಇದ್ವಾ?"

"ಇದ್ವು. ರಟ್ಟು ಕೊಟ್ಟಿದೀನಿ."

"ಅಯ್ಯೋ ಅಮ್ಮಾ! ಅವು ಇಳಿಯೋಕೆ ಜಾಗ ಬಿಟ್ಟಿದ್ರು!" ಮೇಡಂ ಎರಡು ಅಂಗೈಗಳನ್ನು ಜೋಡಿಸಿ, ಮೆಲ್ಲಗೆ ಬೇರೆ ಬೇರೆ ಕಡೆಗೆ ಎಳೆದಳು. "ತುದಿಯ ತುಂಡುಗಳನ್ನ ಹೀಗೆ ಎಳೆದ್ರೆ ಸಂದು ಅಗಲವಾಗುತ್ತೆ, ಬೆಣೆಗಳು ಜಾರಿ ಕೆಳಗೆ ಕೂರ್ತವೆ. ಅವೇ ಸೀಳು ಕಣಿವೆ. ತಳ ಅಗಲ ಇರೋ ನಡುವಿನದು ಎಲ್ಲಿಗೂ ಇಳಿಯಲ್ಲ, ಎತ್ತರಕ್ಕೆ ಉಳಿದುಬಿಡುತ್ತೆ. ಅದೇ ಖಂಡ ಪರ್ವತ. ಮಡಿಕೆಯಲ್ಲಿ ಪದರ ಬಾಗುತ್ತೆ, ಇಲ್ಲಿ ಮುರಿದು ಮೇಲೆ ಕೆಳಗೆ ಆಗುತ್ತೆ. ಎರಡು ಮಾದರೀನ ಒಂದರಲ್ಲೇ ಮಾಡಿಟ್ಟಿದಾರೆ ನಿಮ್ಮ ಯಜಮಾನರು."

ಬಣ್ಣದಮ್ಮ ಮರವನ್ನು ನೋಡುತ್ತಿರಲಿಲ್ಲ. ಮೇಡಂ ಕೈಗಳನ್ನು ನೋಡುತ್ತಿದ್ದಳು.

ಮಾತಿಲ್ಲದೆ, ಬರೆದು ತೋರಿಸುವ ತ್ರಾಣವೂ ಇಲ್ಲದೆ ಹಾಸಿಗೆಯಲ್ಲಿ ಮಲಗಿದ್ದಾಗ ಯಜಮಾನರು ಹೀಗೇ ಮಾಡುತ್ತಿದ್ದರು. ಅವಳ ಸೆರಗು ಜಗ್ಗಿ ಕರೆದು, ಎರಡೂ ಅಂಗೈ ಜೋಡಿಸಿ, ಬಿಡಿಸುತ್ತಿದ್ದರು. ಅವಳು ಹೋಗಿ ಕಿಟಕಿಯ ಪರದೆ ಸರಿಸುತ್ತಿದ್ದಳು. ಅವರು ತಲೆ ಅಲ್ಲಾಡಿಸಿ ಮತ್ತೆ ಅದನ್ನೇ ಮಾಡುತ್ತಿದ್ದರು. ಬೆಳಕು ಹೆಚ್ಚಾಯಿತೇನೋ ಎಂದು ಅವಳು ಪರದೆ ಮುಚ್ಚುತ್ತಿದ್ದಳು. ಕಡೆಕಡೆಗೆ ಅವರು ಕೈಬಿಟ್ಟು, ಸದ್ದಿಲ್ಲದೆ ನಕ್ಕು, ಅವಳ ಕೆನ್ನೆ ತಟ್ಟಿ ಗೋಡೆಯ ಕಡೆ ಹೊರಳುತ್ತಿದ್ದರು.

"ಅಂಟು ಬಿಡುತ್ತಾ ಅಮ್ಮಾ?" ಎಂದಳು ಮೇಡಂ.

"ಆ ಅಂಟು ಬಿಡೋ ಜಾತಿ ಅಲ್ಲ," ಎಂದಳು ಬಣ್ಣದಮ್ಮ. "ಕೊಯ್ಯಬೇಕು."

ಪಕ್ಕದ ಕೋಣೆಯ ಬಡಗಿ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದವನು. ವಿಷಯ ಕೇಳಿ ಗರಗಸ ಹಿಡಿದುಕೊಂಡು ಬಂದ. "ಅತ್ತಿಗೇ, ಅಣ್ಣ ಕೊಯ್ದದ್ದನ್ನ ನೀವು ಕೂಡಿಸೋದು, ನೀವು ಕೂಡಿಸಿದ್ದನ್ನ ನಾನು ಕೊಯ್ಯೋದು. ಸರ್ಕಾರಿ ಕೆಲಸ ಅಂದ್ರೆ ಇದೇ ನೋಡಿ," ಎಂದ. ಅವಳು ನಗಲಿಲ್ಲ. ಅವನೂ ನಗೆ ಬಿಟ್ಟು, "ಕೊಡಿ, ಹಲ್ಲು ಸಣ್ಣದಿರೋ ಗರಗಸ ತಂದಿದೀನಿ, ಬಣ್ಣ ಏಳದ ಹಾಗೆ ಕೊಯ್ತೀನಿ," ಎಂದ.

"ಇಲ್ಲಿ ಕೊಡಪ್ಪ, ನಾನೇ ಕೊಯ್ತೀನಿ. ನೀನು ಮರ ಅಲುಗದ ಹಾಗೆ ಹಿಡ್ಕೋ ಸಾಕು."

ಬೆನ್ನ ಬದಿಯ ಬಿಳಿ ಗೆರೆಯಲ್ಲಿ ಗರಗಸ ಇಟ್ಟಳು. ಮೊದಲು ಮೆಲ್ಲಗೆ, ಅಳೆದು ಅಳೆದು ಎಳೆದಳು. ಸ್ವಲ್ಪ ಒಳಗೆ ಹೋದ ಮೇಲೆ ಅಳುಕು ಬೇಕಾಗಲಿಲ್ಲ. ಎರಡೂ ಕಡೆ ಗಟ್ಟಿ ಮರ, ನಡುವೆ ಮೆತ್ತನೆ ಲಪ್ಪ. ಯಜಮಾನರು ಕೊಯ್ದ ದಾರಿ ಬಿಟ್ಟು ಗರಗಸ ಆಚೀಚೆ ಹೋಗಲೊಲ್ಲದು. ಅವರ ಕೈ ಹೋದಲ್ಲಿ ಅವಳ ಕೈ ಹೋಯಿತು, ಅಷ್ಟೇ ಓರೆಯಾಗಿ, ಅಷ್ಟೇ ನೇರವಾಗಿ. ಹೀಗೆ ಅವರ ಜೊತೆ ಒಂದು ಮರವನ್ನು ಅವಳು ಹಿಂದೆಂದೂ ಕೊಯ್ದಿರಲಿಲ್ಲ. ಗಳಿಗೆಗೊಮ್ಮೆ ನಿಂತು, ಕಣ್ಣಿಗೆ ಬಿದ್ದ ಹೊಟ್ಟು ಒರೆಸಿಕೊಂಡಳು. ಬಡಗಿ ಬೇರೆ ಕಡೆ ನೋಡಿದ.

ತುಂಡುಗಳು ಬಿಡಿಯಾದವು. ಅಡಿಯ ರಟ್ಟು ಕಿತ್ತು, ಪಕ್ಕಗಳನ್ನು ನುಣ್ಣಗೆ ಉಜ್ಜಿ, ಜಾರಲೆಂದು ಮೇಣ ಸವರಿ, ತಟ್ಟೆಯಲ್ಲಿ ಸಾಲಾಗಿ ಇಟ್ಟಳು. ಮುಂಬದಿಯ ಪದರಗಳು ತುದಿಯಿಂದ ತುದಿಗೆ ಸಾಲುಗೂಡಿದವು.

"ಎಳೀರಿ," ಎಂದಳು ಮೇಡಂ.

ಬಣ್ಣದಮ್ಮ ಎರಡೂ ತುದಿ ಹಿಡಿದು ಎಳೆದಳು. ಬೆಣೆಗಳು ಒಂದು ಕ್ಷಣ ತಡೆದು, ಆಮೇಲೆ ಸರ್ರನೆ ಕೆಳಗೆ ಕೂತವು. ನಡುವಿನ ತುಂಡು ಇದ್ದಲ್ಲೇ ಇತ್ತು. ಅದು ಏಳಲೇ ಇಲ್ಲ, ಆದರೂ ಎದ್ದು ನಿಂತ ಹಾಗೆ ಕಂಡಿತು. ಎರಡು ಬದಿಗೂ ಕಡಿದಾದ ಗೋಡೆ, ಆಚೀಚೆ ಚಪ್ಪಟೆ ತಳದ ಎರಡು ಕಣಿವೆ. ಅವಳು ಒಂದೇ ಸಮ ಎಳೆದಿದ್ದ ಹಳದಿ ಪದರ ಈಗ ಎತ್ತರದಲ್ಲೊಂದು ತುಣುಕು, ಆಳದಲ್ಲೊಂದು ತುಣುಕು.

"ನೋಡಿ, ನೀವು ಪದರ ಒಂದೇ ಸಮ ಎಳೆದಿದ್ರಿಂದಲೇ ಎಷ್ಟು ಕುಸೀತು ಅಂತ ಯಾರಿಗಾದ್ರೂ ಗೊತ್ತಾಗುತ್ತೆ," ಎಂದಳು ಮೇಡಂ. "ಇದು ಗ್ಯಾಲರಿಯ ನಡುಮಧ್ಯ ಇರ್ಲಿ. ಗಾಜು ಬೇಡ. ಬಂದೋರು ಎಳೀಲಿ."

ಎಲ್ಲರೂ ಹೋದ ಮೇಲೆ ಕೋಣೆಯಲ್ಲಿ ಅವಳೊಬ್ಬಳೇ ಉಳಿದಳು. ತುಂಡುಗಳನ್ನು ಕೂಡಿಸಿ ಮತ್ತೊಮ್ಮೆ ಎಳೆದು ನೋಡಿದಳು. ಸುತ್ತಲಿನದೆಲ್ಲ ಜಾರಿಹೋಗಿ, ಇದ್ದಲ್ಲೇ ಉಳಿದ ನಡುವಿನ ತುಂಡಿನ ನೆತ್ತಿಯ ಮೇಲೆ ಬೆರಳಿಟ್ಟಳು. ಹೇಳಬೇಕಾದದ್ದು ಒಂದೇ ಒಂದು ಮಾತಿತ್ತು: ಗೊತ್ತಾಯ್ತು ಕಣ್ರೀ, ಪರದೆ ಅಲ್ಲ, ಮರ. ಕೇಳಬೇಕಾದವರು ಇರಲಿಲ್ಲ.

ಕಿಟಕಿ ಪಕ್ಕದ ಕುರ್ಚಿಯನ್ನು ಎಳೆದು, ಈ ಸಲ ಒರೆಸದೆ, ಅದರಲ್ಲಿ ಕೂತಳು. ಮಾದರಿಯ ಬೆನ್ನ ಬದಿಗೆ ಇನ್ನೂ ಬಣ್ಣ ಬಳಿಯುವುದಿತ್ತು. ಕುಂಚ ಅದ್ದಿದವಳು, ಆ ಬರಿಮರದ ಮೇಲಿನ ಓರೆ ಕೊಯ್ತಗಳನ್ನು ನೋಡುತ್ತಾ ಇದ್ದು, ಕುಂಚವನ್ನು ತೊಳೆದಿಟ್ಟಳು.