ಜೇಡಿಯೊಳಗೆ ಉಪ್ಪು ನಡೆದ ದೂರ

ಡೂಕೆಯ ಮನೆಯ ಚೀಸ್ ತಿನ್ನುತ್ತ ಇಪ್ಪತ್ತು ವರ್ಷ ಕಳೆದಿದ್ದೇನೆ, ಅವನ ಮನೆಯಲ್ಲಿ ಒಂದು ಸೋಮವಾರವೂ ಕಣ್ಣು ಬಿಟ್ಟಿಲ್ಲ. ಭಾನುವಾರ ಬೆಳಿಗ್ಗೆ ನಾನಿರುವ ಲೇವಾರ್ಡನ್ ಪಟ್ಟಣದಿಂದ ರೈಲು, ಸ್ಟೇಷನ್ನಿನಿಂದ ಸೈಕಲ್, ಸಂಜೆಗೆ ವಾಪಸ್. ನನಗೆ ಮಣ್ಣು ಪರೀಕ್ಷೆಯ ಕೆಲಸ, ಅವನಿಗೆ ಕುರಿ. "ನೀನು ಬಾ" ಎಂದು ಅವನು, "ನೀನೇ ಬಾ" ಎಂದು ನಾನು. ಮೊದಮೊದಲು ತಮಾಷೆಯಾಗಿತ್ತು. ಆಮೇಲಾಮೇಲೆ ಇಬ್ಬರೂ ಆ ಮಾತೆತ್ತುವುದನ್ನೇ ಬಿಟ್ಟೆವು, ಒಂದೇ ಮನೆಯಲ್ಲಿ ಬಾಳುವ ಆಸೆಯನ್ನು ಮಾತ್ರ ಬಿಡಲಿಲ್ಲ.

ಅವನ ಹುಲ್ಲುಗಾವಲಿಗೆ ಅಂಟಿಕೊಂಡೇ ಒಂದು ದಿಬ್ಬವಿದೆ. ಮೂವತ್ತು ವರ್ಷದ ಹಿಂದೆ ಪಟ್ಟಣದ ಕಸ ಸುರಿದು ಮಣ್ಣು ಮುಚ್ಚಿದ್ದು. ಕಸದ ಅಡಿಯಲ್ಲಿ ಎರಡು ಮೀಟರಿಗೆ ತುಸು ಹೆಚ್ಚು ದಪ್ಪದ ಜೇಡಿಮಣ್ಣು, ಅದರ ಅಡಿಯಲ್ಲಿ ಮರಳು. ಡೂಕೆಯ ಬಾವಿಗೆ ಬರುವುದು ಆ ಮರಳಿನ ನೀರೇ. ನಮ್ಮ ನೆಲ ತಗ್ಗಿನದು, ಮರಳಿನೊಳಗಿನ ನೀರಿಗೆ ಒತ್ತಡ ಜಾಸ್ತಿ. ಹಾಗಾಗಿ ನೀರು ಜೇಡಿಯನ್ನು ಹಾದು ಮೇಲಕ್ಕೇ, ಕಸದ ಕಡೆಗೇ ಒಸರುತ್ತದೆ, ವರ್ಷಕ್ಕೆ ನಾಲ್ಕು ಮಿಲಿಮೀಟರಿನಂತೆ. ನೀರೇ ಮೇಲೆ ಬರುವಾಗ ಕೊಳಕು ಕೆಳಗೆ ಹೇಗೆ ಇಳಿದೀತು ಎಂದುಕೊಂಡು ಎಲ್ಲರೂ ನಿಶ್ಚಿಂತೆಯಾಗಿದ್ದರು.

ಈ ವಸಂತದಲ್ಲಿ ನೀರಿನ ಇಲಾಖೆಯವರು ಹಳೆಯ ದಿಬ್ಬಗಳನ್ನೆಲ್ಲ ಮತ್ತೆ ಪರೀಕ್ಷಿಸಲು ಹೊರಟರು. ಅವರ ನಿಯಮ ಸರಳ. ಇನ್ನು ಇಪ್ಪತ್ತೈದು ವರ್ಷದೊಳಗೆ ಕೊಳಕು ಜೇಡಿಯನ್ನು ದಾಟಿ ಮರಳು ಸೇರುವಂತಿದ್ದರೆ ಪಕ್ಕದ ಜಮೀನನ್ನು ಇಲಾಖೆಯೇ ಕೊಂಡು, ಬಾವಿ ಮುಚ್ಚಿ, ಅಲ್ಲಿ ಕೊಳಕು ಹರಡದಂತೆ ನೀರೆತ್ತುವ ಪಂಪುಗಳನ್ನು ಕೂರಿಸುತ್ತದೆ. ಅಂದರೆ ಡೂಕೆ ಮನೆ ಬಿಡಬೇಕು. ಪರೀಕ್ಷೆ ಬಂದದ್ದು ನಮ್ಮ ಪ್ರಯೋಗಾಲಯಕ್ಕೆ.

"ನಿಮ್ಮ ಭಾನುವಾರದ ದಿಬ್ಬ ಬಂದಿದೆ, ಔಕ್ಯ" ಎಂದ ನಮ್ಮ ಮುಖ್ಯಸ್ಥ ರೂರ್ಡ್. ಇಡೀ ಆಫೀಸಿಗೆ ಡೂಕೆಯ ವಿಷಯ ಗೊತ್ತು. "ಬೇರೆಯವರಿಗೆ ಕೊಡಲಾ?"

"ಜೇಡಿ ಒತ್ತಿ ನೀರು ಹಿಂಡೋಕೆ ಬೇರೆ ಯಾರಿಗೆ ಬರುತ್ತೆ ಇಲ್ಲಿ?" ಎಂದೆ. "ಕೊಡಿ. ಲೆಕ್ಕ ಮಾತ್ರ ನೀವೇ ಮಾಡಿ, ನಾನು ಕಣ್ಣಿಟ್ಟಿರ್ತೀನಿ."

ದಿಬ್ಬವನ್ನು ಕೊಳವೆಯಿಂದ ಕೊರೆದು ಜೇಡಿಯನ್ನು ಇಡಿಯಾಗಿ ಒಂದು ಕಂಬದ ಹಾಗೆ ತೆಗೆದು ತಂದರು. ಕೊರೆಯುವವರು ಮರಳು ಮುಟ್ಟುವ ಮೊದಲೇ ನಿಲ್ಲಿಸಿ, ತೂತಿಗೆ ನೀರು ತಾಗಿದರೆ ಉಬ್ಬುವ ಜೇಡಿ ತುಂಬಿ ಬಿಗಿಯಾಗಿ ಮುಚ್ಚಿದ್ದರು. ಪರೀಕ್ಷೆಯಿಂದಲೇ ಸೋರಿಕೆ ಆಗಬಾರದಲ್ಲ. ನಾನು ಕಂಬವನ್ನು ಚೀಸ್ ಕೊಯ್ದ ಹಾಗೆ ಬಿಲ್ಲೆಬಿಲ್ಲೆಯಾಗಿ ಕೊಯ್ದೆ, ಒಂದೊಂದನ್ನೂ ಪ್ರೆಸ್ಸಿನಲ್ಲಿ ಒತ್ತಿ ಒಳಗಿನ ಹನಿ ನೀರು ಹಿಂಡಿ ಉಪ್ಪು ಅಳೆದೆ. ಕಸದ ನೀರಿನಲ್ಲಿ ಸೀಸವೂ ಇರುತ್ತದೆ, ಸತುವೂ ಇರುತ್ತದೆ. ಆದರೆ ಅವು ಜೇಡಿಗೆ ಅಂಟಿಕೊಂಡು ಹಿಂದೆ ಬೀಳುತ್ತವೆ. ಉಪ್ಪು ಯಾವುದಕ್ಕೂ ಅಂಟಿಕೊಳ್ಳದೆ ಎಲ್ಲಕ್ಕಿಂತ ಮುಂದೆ ನಡೆಯುತ್ತದೆ.

ಮೇಲಿನ ಬಿಲ್ಲೆಗಳಲ್ಲಿ ಉಪ್ಪು ಜೋರಾಗಿತ್ತು. ಕೆಳಗೆ ಹೋದಂತೆ ಕಡಿಮೆಯಾಗುತ್ತ ಹೋಯಿತು, ಆದರೆ ಮುಗಿಯಲಿಲ್ಲ. ಬಾವಿ ನೀರನ್ನು ಕೆಡಿಸುವಷ್ಟು ಎಂದು ಇಲಾಖೆ ಗೊತ್ತುಮಾಡಿದ ಪ್ರಮಾಣದ ಉಪ್ಪು ಜೇಡಿಯ ದಪ್ಪದ ಮೂರರಲ್ಲಿ ಎರಡು ಪಾಲನ್ನು ಆಗಲೇ ದಾಟಿತ್ತು.

ರೂರ್ಡ್ ಕಾಗದ ನೋಡಿ ಕಣ್ಣರಳಿಸಿದ. "ನೀರು ಮೇಲಕ್ಕೆ ಬರ್ತಾ ಇದೆ ಅಲ್ವಾ? ಇದು ಹೇಗೆ ಕೆಳಗಿಳೀತು?"

"ನೀರಿನ ಜೊತೆ ಇಳಿದಿದ್ದಲ್ಲ. ಮೇಲೆ ಉಪ್ಪು ತುಂಬಾ ಇದೆ, ಕೆಳಗೆ ಇಲ್ಲ. ಇರೋ ಕಡೆಯಿಂದ ಇಲ್ಲದ ಕಡೆಗೆ ಅದು ತಾನೇ ಹರಡ್ಕೊಂಡು ಹೋಗುತ್ತೆ. ಎದುರು ನೀರು ಜೋರಾಗಿದ್ದಿದ್ರೆ ತಡೀತಿತ್ತು. ಈ ನಾಲ್ಕು ಮಿಲಿಮೀಟರಿಗೆಲ್ಲ ಅದು ಹೆದರಲ್ಲ."

ಅವನು ಪೆನ್ಸಿಲ್ ತೆಗೆದುಕೊಂಡ. "ಎರಡು ಪಾಲಿಗೆ ಮೂವತ್ತು ವರ್ಷ. ಉಳಿದ ಒಂದು ಪಾಲಿಗೆ ಹದಿನೈದು. ಅಯ್ಯೋ ಪಾಪ, ನಿಮ್ಮ ಡೂಕೆ ಗಂಟುಮೂಟೆ ಕಟ್ಟಬೇಕು." ಪೆನ್ಸಿಲ್ ಕೆಳಗಿಟ್ಟು ನಕ್ಕ. "ಪಾಪ ಯಾಕೆ, ನಿಮಗೆ ಅದೃಷ್ಟ."

ನಾನು ಕಾಫಿ ತರುತ್ತೇನೆಂದು ಹೊರಗೆ ಹೋಗಿ ಯಂತ್ರದ ಮುಂದೆ ಸುಮ್ಮನೆ ನಿಂತೆ. ಹದಿನೈದು. ಡೂಕೆ ನನ್ನ ಅಡುಗೆಮನೆಯಲ್ಲಿ ಕುಳಿತು ಕಾಲುಚೀಲ ಹುಡುಕುತ್ತಿರುವುದು ಕಣ್ಣಿಗೆ ಕಟ್ಟಿತು. ಮಂಗಳವಾರಗಳು, ಬುಧವಾರಗಳು. ನನಗೆ ಅದು ಎಷ್ಟು ಬೇಕಾಗಿತ್ತೆಂದರೆ ಯಂತ್ರದ ಗುಂಡಿ ಒತ್ತುವುದನ್ನೇ ಮರೆತೆ.

ರೂರ್ಡ್‌ನ ಲೆಕ್ಕ ತಪ್ಪು ಎಂದು ಅವನು ಪೆನ್ಸಿಲ್ ಇಡುವ ಮೊದಲೇ ನನಗೆ ಗೊತ್ತಿತ್ತು. ಹೀಗೆ ಹರಡಿಕೊಂಡು ಹೋಗುವುದು ರಸ್ತೆಯಲ್ಲಿ ನಡೆದ ಹಾಗಲ್ಲ. ಮುಂದೆ ಹೋದಷ್ಟೂ ಮೇಲಿನ ಮತ್ತು ಕೆಳಗಿನ ಉಪ್ಪಿನ ಅಂತರ ಉದ್ದಕ್ಕೆ ಹಂಚಿಹೋಗಿ ಸೆಳೆತ ಸಡಿಲವಾಗುತ್ತದೆ. ದಾರಿ ಎರಡರಷ್ಟಾದರೆ ಹೊತ್ತು ನಾಲ್ಕರಷ್ಟು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಆಮೇಲೆ ಪ್ರತಿದಿನ ಊಟಕ್ಕೆ ಕುಳಿತಾಗ ಡೂಕೆಯ ಮುಖ ನೋಡಬೇಕಲ್ಲ. ಕಾಫಿ ತೆಗೆದುಕೊಂಡು ಒಳಗೆ ಹೋದೆ.

"ದೂರದ ವರ್ಗ ತಗೊಳ್ಳಿ ರೂರ್ಡ್" ಎಂದೆ. "ಪೂರ್ತಿ ದಾರಿ ಇಲ್ಲಿವರೆಗಿನದರ ಒಂದೂವರೆ ಪಟ್ಟು, ಹೊತ್ತು ಎರಡೂಕಾಲು ಪಟ್ಟು. ಮೂವತ್ತಕ್ಕೆ ಅರವತ್ತೇಳು ಚಿಲ್ಲರೆ. ಮೇಲಕ್ಕೆ ಬರೋ ನೀರೂ ಒಂಚೂರು ಹಿಂದಕ್ಕೆ ದೂಡುತ್ತೆ, ಎಪ್ಪತ್ತು ದಾಟುತ್ತೆ ಅನ್ನಿ. ಕಳೆದಿದ್ದು ಮೂವತ್ತು. ಇನ್ನೂ ನಲವತ್ತು ವರ್ಷ ಇದೆ."

ಅವನು ಕಂಪ್ಯೂಟರಿನಲ್ಲಿ ಹಾಕಿ ನೋಡಿದ. ನಲವತ್ತೆರಡು ಬಂತು. ಅವನು ನನ್ನ ಕಡೆ ನೋಡಲಿಲ್ಲ. "ಇಪ್ಪತ್ತೈದರ ಆಚೆ" ಎಂದಷ್ಟೇ ಹೇಳಿ ವರದಿಗೆ ಸಹಿ ಹಾಕಿದ.

ಆ ಭಾನುವಾರ ಡೂಕೆ ಕೊಟ್ಟಿಗೆಯ ಬಾಗಿಲಲ್ಲೇ ಕಾಯುತ್ತಿದ್ದ. ಗಡ್ಡ ತೆಗೆದಿದ್ದ, ಒಳ್ಳೆಯ ಅಂಗಿ ಹಾಕಿದ್ದ.

"ಏನಾಯ್ತು, ಔಕ್ಯ?"

"ಒಳಗೆ ನಡಿ, ಮೊದಲು ಕಾಫಿ ಕೊಡು."

"ಕಾಫಿ ಎಲ್ಲೂ ಓಡಿಹೋಗಲ್ಲ. ಹೇಳು."

"ನಲವತ್ತು ವರ್ಷದ ಮೇಲೆ" ಎಂದೆ. "ನಮ್ಮ ಕಾಲಕ್ಕೆ ಬರಲ್ಲ. ನಿನ್ನ ಬಾವಿ ನಿನ್ನದೇ, ಹೊಲಾನೂ ನಿನ್ನದೇ. ಯಾರೂ ನಿನ್ನ ಎಬ್ಬಿಸಲ್ಲ."

ಅವನು ಖುಷಿಪಡುತ್ತಾನೆ ಎಂದುಕೊಂಡಿದ್ದೆ. ಅವನು ತಲೆಯಾಡಿಸಿದ, ಮತ್ತೊಮ್ಮೆ ಆಡಿಸಿದ, ಆಮೇಲೆ ಬೇಲಿಯ ಮೇಲೆ ಕೈಯಿಟ್ಟು ಕುರಿಗಳ ಕಡೆ ನೋಡುತ್ತ ನಿಂತ.

"ಖಂಡಿತಾನಾ? ಹೆಚ್ಚುಕಮ್ಮಿ ಏನಾದ್ರೂ..."

"ಹೆಚ್ಚಾದ್ರೆ ಆಗಬಹುದು. ಇಪ್ಪತ್ತೈದಕ್ಕೆ ಮಾತ್ರ ಇಳಿಯಲ್ಲ."

"ನಿಮ್ಮ ಲ್ಯಾಬಿಂದ ಎರಡು ಬೀದಿ ಆಚೆ ಒಂದು ಮನೆ ಖಾಲಿ ಇತ್ತು" ಎಂದ ಅವನು, ಕುರಿಗಳ ಕಡೆಯೇ ನೋಡುತ್ತ. "ಬುಧವಾರ ಬಂದು ನೋಡ್ಕೊಂಡು ಹೋದೆ. ನಿನಗೆ ಹೇಳಲಿಲ್ಲ. ಅಡುಗೆಮನೆ ಚಿಕ್ಕದು, ಆದ್ರೆ ಕಿಟಕಿಯಿಂದ ಕಾಲುವೆ ಕಾಣುತ್ತೆ."

ನಾನೂ ಬೇಲಿಯ ಮೇಲೆ ಕೈಯಿಟ್ಟೆ. "ಹಾಗಾದ್ರೆ ಬಾ. ಇಲಾಖೆ ಓಡಿಸಲೇಬೇಕಾ?"

"ಓಡಿಸಿದ್ರೆ ಬರ್ತಿದ್ದೆ" ಎಂದ. "ನಾನಾಗೇ ಇವುಗಳನ್ನ ಮಾರಿ ಬರೋಕೆ ಆಗಲ್ಲ. ಇಪ್ಪತ್ತು ವರ್ಷ ಪ್ರಯತ್ನ ಮಾಡಿದೀನಿ, ನಿನಗೆ ಗೊತ್ತಲ್ಲ."

ನನಗೆ ಗೊತ್ತಿತ್ತು. ನನ್ನದೂ ಅದೇ ಕತೆ. ರೂರ್ಡ್‌ನ ಹದಿನೈದರ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಹೇಳಿ ಅವನನ್ನು ಇನ್ನಷ್ಟು ನೋಯಿಸುವುದೇಕೆ.

ಒಳಗೆ ಹೋಗಿ ಕಾಫಿ ಕುಡಿದೆವು. ಸಂಜೆ ಅವನು ಎಂದಿನಂತೆ ಚೀಸಿನ ತುಂಡೊಂದನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಸೈಕಲ್ ಬುಟ್ಟಿಯಲ್ಲಿಟ್ಟ.

"ಮುಂದಿನ ಭಾನುವಾರ ಬರ್ತೀಯಲ್ಲ?"

"ಬರ್ತೀನಿ" ಎಂದು ಸೈಕಲ್ ಹತ್ತಿದೆ.